ಕೆಂಪು ಕಡೆ, ಕಪ್ಪು ಕಡೆ

ಮೊದಲ ದಿನ ಕಾಕಾ ನನಗೆ ಬ್ಯಾಟೇ ಕೊಡಲಿಲ್ಲ. ಚೆಂಡನ್ನು ಪಡಸಾಲೆಯ ಶಾಬಾದಿ ಕಲ್ಲಿನ ಮೇಲೆ ಇಟ್ಟು, ಅದರ ಹಿಂದಿನ ಅಂಚನ್ನು ಹೆಬ್ಬೆರಳಿಂದ ಒತ್ತಿ ಚಿಮ್ಮಿಸಿದ. ಚೆಂಡು ಎರಡು ಮಾರು ಮುಂದೆ ಹೋಯಿತು, ನಿಂತಿತು, ಆಮೇಲೆ ಯಾರೋ ಕರೆದ ಹಾಗೆ ವಾಪಸ್ ಉರುಳಿ ಅವನ ಕಾಲ ಹತ್ತಿರಾನೇ ಬಂತು. ಅಕ್ಕಿ ಹಸನು ಮಾಡುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟು ನೋಡಿದಳು.

"ಇದ ಸ್ಪಿನ್. ಹೊಡಿಯೋದಲ್ಲವಾ, ಸವರೋದು" ಅಂದ ಕಾಕಾ.

ನಾನಾಗ ಎಂಟನೇ ಕ್ಲಾಸ್, ಗಂಗಾವತಿಯಲ್ಲಿ. ಶಾಲೆಗಳ ಟೇಬಲ್ ಟೆನಿಸ್ ಟೂರ್ನಮೆಂಟ್ ಕೊಪ್ಪಳದಲ್ಲಿ, ಇನ್ನು ಹದಿನೆಂಟು ದಿನ ಇತ್ತು. ನಮ್ಮ ಶಾಲೆಯಲ್ಲಿದ್ದದ್ದು ಒಂದೇ ಟೇಬಲ್, ಅದೂ ಹುಡುಗರು ಬಿಟ್ಟರೆ ನಮಗೆ. ಕಾಕಾ ಅಕ್ಕಿ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಿದ್ದ, ಕಾಲೇಜಿನಲ್ಲಿದ್ದಾಗ ಚೆನ್ನಾಗಿ ಆಡುತ್ತಿದ್ದನಂತೆ. ಮಿಲ್‌ನಿಂದ ಒಂದು ಪ್ಲೈವುಡ್ ಹಲಗೆ ತಂದು ಎರಡು ಡ್ರಮ್ ಮೇಲೆ ಇಟ್ಟ, ನಡುವೆ ಗೋಣಿಚೀಲ ಮಡಚಿ ನಿಲ್ಲಿಸಿದ. ಅದೇ ನೆಟ್. ಫ್ಯಾನ್ ಹಾಕುವ ಹಾಗಿಲ್ಲ, ಯಾಕೆಂದರೆ ಚೆಂಡಿನ ತೂಕವೇ 2.7 ಗ್ರಾಂ, ಗಾಳಿಗೆ ಎತ್ತ ಬೇಕಾದರೂ ಹೋಗುತ್ತೆ. ನಮ್ಮೂರ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಒಂದು ತಾಸು ಅಂದರೆ ಸುಮ್ನೆ ಅಲ್ಲ, ಅವ್ವ ದಿನಾ ಬೈಯುತ್ತಿದ್ದಳು.

ಅವನ ಹಳೇ ಬ್ಯಾಟ್ ಒಂದು ಕಡೆ ಕೆಂಪು, ಇನ್ನೊಂದು ಕಡೆ ಕಪ್ಪು. ಕೆಂಪು ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಇನ್ನೂ ಸ್ವಲ್ಪ ಅಂಟುತ್ತಿತ್ತು. ಕಪ್ಪು ಎಷ್ಟು ಒರೆಸಿದರೂ ಕನ್ನಡಿ ಹಾಗೆ ನುಣುಪು, ಚೆಂಡಿಟ್ಟರೆ ಜಾರುತ್ತಿತ್ತು. "ಅದು ಸತ್ತೈತಿ, ಅದರ ಗೊಡವಿಗೆ ಹೋಗಬ್ಯಾಡ" ಅಂದ.

ಸರ್ವೀಸ್ ಒಂದೇ ಸಾವಿರ ಸಲ ಮಾಡಿಸಿದ ಅನ್ನಿ. ಅಂಗೈ ಬಿಚ್ಚಿ ಚೆಂಡು ಇಟ್ಟುಕೊಂಡು ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಎಸೆಯಬೇಕು, ಅಂದರೆ ಮುಕ್ಕಾಲು ಗೇಣು. ಕೆಳಗೆ ಬರುವಾಗ ಬ್ಯಾಟನ್ನು ಮಲಗಿಸಿ ಚೆಂಡಿನ ಹೊಟ್ಟೆ ಕೆಳಗೆ ಸವರಬೇಕು. ಟಕ್ ಅಂತ ಸದ್ದು ಬಂದರೆ ತಪ್ಪು, ಸರ್ ಅಂದರೆ ಸರಿ. ಕಾಕಾ ಚೆಂಡನ್ನು ನೋಡುತ್ತಲೇ ಇರಲಿಲ್ಲ, ಆ ಕಡೆ ತಿರುಗಿ ಕೂತು ಬರೀ ಕೇಳುತ್ತಿದ್ದ. "ಟಕ್. ಟಕ್. ಟಕ್. ಹಾಂ, ಇದು ಸರ್." ಹಾಗೆ ಸವರಿದ ಚೆಂಡು ಎದುರಿನವರ ಬ್ಯಾಟಿಗೆ ತಾಗಿದರೆ ಕೆಳಗೆ ಜಗ್ಗುತ್ತೆ, ಗೊತ್ತಿಲ್ಲದವರು ನೆಟ್ಟಗೆ ತಳ್ಳಿ ನೆಟ್‌ಗೆ ಹಾಕುತ್ತಾರೆ. ಗೊತ್ತಿದ್ದವರು ಬ್ಯಾಟನ್ನು ಆಕಾಶಕ್ಕೆ ತೆರೆದು ಎತ್ತುತ್ತಾರೆ. ಟಾಪ್‌ಸ್ಪಿನ್ನೂ ತೋರಿಸಿದ, ಅದು ನನಗೆ ಹತ್ತಲಿಲ್ಲ ಬಿಡಿ.

ಕೊಪ್ಪಳದಲ್ಲಿ ಮೊದಲ ಎರಡು ಮ್ಯಾಚ್ ಆ ಒಂದು ಸರ್ವೀಸ್ ಮೇಲೇ ಗೆದ್ದೆ. ಕ್ವಾರ್ಟರ್‌ಫೈನಲ್ ಹುಡುಗಿ ಜಾಣೆ. ಎರಡನೇ ಗೇಮ್‌ನಿಂದ ಬ್ಯಾಟ್ ತೆರೆದು ಆರಾಮಾಗಿ ಎತ್ತತೊಡಗಿದಳು. ಒಂದೊಂದು ಗೇಮ್ ಇಬ್ಬರಿಗೂ ಆಯ್ತು, ಮೂರನೆಯದರಲ್ಲಿ ನಾನು 7, ಅವಳು 9. ಸರ್ವೀಸ್ ನನ್ನದು. ಕೈ ಬೆವರಿತ್ತು. ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿ ಅಂಗೈಯನ್ನು ಸ್ಕರ್ಟಿಗೆ ಒರೆಸಿಕೊಂಡು ಮತ್ತೆ ಹಿಡಿದು ಅದೇ ಸರ್ವೀಸ್ ಹಾಕಿದೆ. ಅವಳು ಎಂದಿನಂತೆ ಎತ್ತಿದಳು. ಚೆಂಡು ಗಾಳಿಪಟದ ಹಾಗೆ ಮೇಲೆ ಹೋಗಿ ನನ್ನ ಹಿಂದೆ ಗೋಡೆ ಹತ್ತಿರ ಬಿತ್ತು.

ಅವಳು ತನ್ನ ಬ್ಯಾಟ್ ನೋಡಿಕೊಂಡಳು, ನಾನು ನನ್ನದು ನೋಡಿಕೊಂಡೆ. ಕಪ್ಪು ಕಡೆ ಮುಂದಿತ್ತು!

ಕೈ ಅದೇ, ಬೀಸಿದ್ದೂ ಅದೇ, ಆದರೆ ಚೆಂಡಲ್ಲಿ ಸ್ಪಿನ್ನೇ ಇಲ್ಲ. ಮುಂದಿನದಕ್ಕೆ ಟೇಬಲ್ ಕೆಳಗೇ ಕೆಂಪಿಗೆ ತಿರುಗಿಸಿದೆ. ಈ ಸಲ ಅವಳು ಹೆದರಿ ಮೆಲ್ಲಗೆ ನೆಟ್ಟಗೆ ತಳ್ಳಿದಳು, ನೆಟ್. 9-9. ಅವಳ ಎರಡು ಸರ್ವೀಸ್‌ನಲ್ಲಿ ಒಂದೊಂದು ಹಂಚಿಕೊಂಡೆವು, ಆಮೇಲೆ 12-10ಕ್ಕೆ ಗೆದ್ದೆ. ಹೇಗೆ ಅಂತ ಕೇಳಬೇಡಿ, ಕಾಲು ನಡುಗುತ್ತಿದ್ದದ್ದಷ್ಟೇ ನೆನಪು.

ಸೆಮಿಫೈನಲ್ ಹುಡುಗಿ ಆಟಕ್ಕೆ ಮುಂಚೆ ನನ್ನ ಬ್ಯಾಟ್ ಕೇಳಿ ತಗೊಂಡಳು. ಎರಡೂ ಕಡೆ ಹೆಬ್ಬೆರಳಿಂದ ಉಜ್ಜಿದಳು. ಕಪ್ಪಿನ ಮೇಲೆ ಬೆರಳು ಜಾರಿತು, ನಕ್ಕು ವಾಪಸ್ ಕೊಟ್ಟಳು. ಒಂದು ಕಡೆ ಕೆಂಪು, ಒಂದು ಕಡೆ ಕಪ್ಪು ಅಂತ 1986ರಲ್ಲಿ ನಿಯಮ ಮಾಡಿದ್ದು ಇಂಥವರಿಗೇ ಇರಬೇಕು. ನಾನು ಬಣ್ಣ ಬದಲಿಸಿದಾಗೆಲ್ಲ ಅವಳ ಕಣ್ಣು ನನ್ನ ಕೈ ಮೇಲೇ ಇತ್ತು. 11-4, 11-5ಕ್ಕೆ ಸೋತೆ.

ರಾತ್ರಿ ಕಾಕಾ ಮಿಲ್‌ನಿಂದ ತಲೆ ತುಂಬ ತೌಡಿನ ಪುಡಿ ಹೊತ್ತುಕೊಂಡೇ ಬಂದ. ಎಲ್ಲಾ ಕೇಳಿಸಿಕೊಂಡು, ಬ್ಯಾಟ್ ತಿರುಗಿಸಿ ತಿರುಗಿಸಿ ನೋಡಿ, "ಸೋಲಿಸಿದ್ದು ಬ್ಯಾಟ್ ಬಿಡ. ಪಗಾರ ಆಗಲಿ, ಎರಡೂ ಕಡಿ ಹೊಸ ರಬ್ಬರ್ ಹಚ್ಚಸ್ತೀನಿ" ಅಂದ.

"ಕೆಂಪು ಹಚ್ಚಸು ಕಾಕಾ" ಅಂದೆ. "ಕಪ್ಪಿಗೆ ಕೈ ಹಚ್ಚಬ್ಯಾಡ."

ಅವನು ಕಪ್ಪು ಕಡೆ ಉಗುರಿಂದ ಒಮ್ಮೆ ಕೆರೆದು ನೋಡಿದ. ಆಮೇಲೆ ಬ್ಯಾಟ್ ನನಗೆ ಕೊಟ್ಟು ಫ್ಯಾನ್ ಬಂದ್ ಮಾಡಿದ.