ಮಿರಗದ ಗಾಳಿ

ಮಿರಗ ಕೂಡಿ ನಾಲ್ಕು ದಿನವಾಗಿತ್ತು. ಆಳಂದ ಕಡೆಯ ನಮ್ಮೂರಿಗೆ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಹಿಂದಿನ ಸಂಜೆ ಮೋಡ ಕವಿದು ಗುಡುಗಿತ್ತು. ಆಯಿ ಅದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ.

ಇವತ್ತು ಮಧ್ಯಾಹ್ನ ಮಾತ್ರ ಸುಮ್ನೆ ಅಂಗಳಕ್ಕೆ ಬಂದು ನಿಂತಳು. ಗಾಳಿ ಪೂರಾ ನಿಂತಿತ್ತು. ಶಹಾಬಾದ್ ಪರಸಿ ಕಾಲು ಸುಡುತ್ತಿತ್ತು. ಅದರ ಸಂದಿಯಲ್ಲಿ ಕರಿ ಇರುವೆಗಳು ಬಿಳಿ ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುತ್ತಿದ್ದವು. ಆಯಿ ಪಡುವಣಕ್ಕೆ ತಿರುಗಿ ಕಣ್ಣು ಮುಚ್ಚಿದಳು. ಮೂಗಿನ ಹೊಳ್ಳೆ ಅರಳಿತು.

"ಕುಳ್ಳು ಒಳಗ ಹಾಕ್ರಿ. ಮಾಳಗಿ ಮ್ಯಾಲಿನ ಬ್ಯಾಳಿ ಇಳಸ್ರಿ."

"ಮೋಡನೇ ಇಲ್ಲಲ್ಲ ಆಯಿ?"

"ಮೋಡ ಆಮ್ಯಾಲ ಬರ್ತದ. ವಾಸನಿ ಮೊದಲ ಬರ್ತದ. ಅಲ್ಲೆಲ್ಲೋ ಎರಿ ಹೊಲ ತೊಯ್ದದ ನೋಡು."

ನಾನೂ ಉಸಿರೆಳೆದೆ. ಬರೀ ಧೂಳು. ಸ್ವಲ್ಪ ಹೊತ್ತಿಗೆ ಪಡುವಣದಿಂದ ತಣ್ಣನೆ ಗಾಳಿ ನುಗ್ಗಿತು, ಅದರ ಜೊತೆ ಹಸಿ ಮಣ್ಣಿನ ವಾಸನೆ! ಬೇಳೆಯ ಕೊನೆಯ ಬುಟ್ಟಿ ಒಳಗೆ ಇಟ್ಟಾಗ ದಪ್ಪ ಹನಿ ಶುರುವಾಯಿತು.

ಒಂದು ತಾಸು ಚೆನ್ನಾಗಿ ಹೊಡೆಯಿತು. ಅಪ್ಪನಿಗೆ ತಡೆಯಲಾಗಲಿಲ್ಲ, ಹೆಸರಿನ ಬೀಜದ ಚೀಲ ಬಿಚ್ಚಿದರು. ಆಯಿ ಮನೆ ಹಿಂದಿನ ಹೊಲಕ್ಕೆ ಹೋಗಿ ಮಣ್ಣು ಕೆದರಿದಳು. ಎರಡು ಬೆರಳು ಕೆಳಗೆ ಮಣ್ಣು ಒಣಗೇ ಇತ್ತು.

"ಗೇಣುದ್ದ ಹಸಿ ಇಳಿಲಿ ತಮ್ಮಾ. ಇನ್ನೊಂದು ಮಳಿ ಆಗ್ಲಿ. ಚೀಲ ಕಟ್ಟು."

ಅಪ್ಪ ಕಟ್ಟಿದರು.