ನಮ್ಮ ಸಂಘದ ಹೊಸ ಆರೋಗ್ಯ ವಿಮೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ದಾವಣಗೆರೆಯ ಹಮಾಲರು, ಮಂಡಕ್ಕಿ ಭಟ್ಟಿ ಕೆಲಸಗಾರರು ಮತ್ತು ತರಕಾರಿ ವ್ಯಾಪಾರಿಗಳ ಪತ್ತಿನ ಸಹಕಾರ ಸಂಘದ ಸದಸ್ಯರಿಗೆ

ಮಿಲ್‌ಗಳು ಓಡುತ್ತಿದ್ದ ಕಾಲದಲ್ಲಿ ನಮ್ಮೂರಿನ ಎಷ್ಟೋ ಮನೆಗಳಿಗೆ ಇಎಸ್‌ಐ ಇತ್ತು. ಈಗ ಅದೇ ಮನೆಯ ಮಕ್ಕಳು ಎಪಿಎಂಸಿಯಲ್ಲಿ ಮೂಟೆ ಹೊರುತ್ತಿದ್ದಾರೆ, ಭಟ್ಟಿಯ ಮುಂದೆ ನಿಂತಿದ್ದಾರೆ. ಅವರಿಗೆ ಇಎಸ್‌ಐ ಇಲ್ಲ. ಒಂದು ಆಪರೇಷನ್ ಬಂದರೆ ಸಂಘದಲ್ಲಿ ಸಾಲ ಕೇಳುತ್ತಾರೆ, ಸಾಲದಿದ್ದರೆ ಬಡ್ಡಿಯವರ ಹತ್ತಿರ ಹೋಗುತ್ತಾರೆ. ಅದಕ್ಕೇ ಈ ಗುಂಪು ವಿಮೆ. ಮೂರು ಸಭೆಗಳಲ್ಲಿ ನೀವು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಬರೆದಿದ್ದೇನೆ. ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಲಿ.

ಮೊದಲು ದಿನಾಂಕ ಹೇಳಿ. ಕೊನೆಯ ದಿನ ಯಾವುದು?

ಅರ್ಜಿ ಕೊಡಲು 1 ಜೂನ್ 2026, ಸೋಮವಾರದಿಂದ 30 ಜೂನ್, ಮಂಗಳವಾರದವರೆಗೆ ಸಮಯವಿದೆ. ಸಂಜೆ 6ಕ್ಕೆ ಬಾಗಿಲು ಹಾಕುತ್ತೇವೆ. ಹಣವನ್ನು ಒಂದೇ ಸಲ ಕಟ್ಟಬಹುದು, ಇಲ್ಲವೇ ಮೂರು ಕಂತಿನಲ್ಲಿ ಕಟ್ಟಬಹುದು: 30 ಜೂನ್, 10 ಜುಲೈ, 20 ಜುಲೈ. ಹೆಸರುಗಳ ಪಟ್ಟಿ 25 ಜುಲೈಗೆ ಕಂಪನಿಗೆ ಹೋಗುತ್ತದೆ. ವಿಮೆ ಶುರುವಾಗುವುದು 1 ಆಗಸ್ಟ್ 2026ಕ್ಕೆ. ಮುಗಿಯುವುದು 31 ಜುಲೈ 2027ರ ಮಧ್ಯರಾತ್ರಿಗೆ.

ಮೂರನೇ ಕಂತು ಕಟ್ಟದಿದ್ದರೆ ಹೆಸರು ಪಟ್ಟಿಗೆ ಹೋಗುವುದಿಲ್ಲ. ಕಟ್ಟಿದ ಹಣ ಪೂರ್ತಿ ವಾಪಸ್ ಸಿಗುತ್ತದೆ, ಆದರೆ ವಿಮೆ ಇರುವುದಿಲ್ಲ.

ಜೂನ್ 30 ತಪ್ಪಿದರೆ ಜುಲೈನಲ್ಲಿ ತಗೊಳ್ಳಲ್ವಾ?

ತಗೊಳ್ಳುವುದಿಲ್ಲ. ಇದರಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ, ಕಂಪನಿಯ ಜೊತೆ ಆದ ಕರಾರು ಹಾಗಿದೆ. ಗಡುವಿನೊಳಗೆ ಬಂದವರಿಗೆ ಸಕ್ಕರೆ, ಬಿಪಿ, ಹರ್ನಿಯಾ ಮುಂತಾದ ಹಳೇ ಕಾಯಿಲೆಗಳಿಗೂ ಮೊದಲ ದಿನದಿಂದಲೇ ಚಿಕಿತ್ಸೆ ಸಿಗುತ್ತದೆ. ಮುಂದಿನ ವರ್ಷ ಸೇರುವವರು ಹಳೇ ಕಾಯಿಲೆಗೆ 12 ತಿಂಗಳು ಕಾಯಬೇಕು. ಈ ಒಂದು ಅನುಕೂಲಕ್ಕಾಗಿಯೇ ನಾವು ಎರಡು ತಿಂಗಳು ಕಂಪನಿಯ ಜೊತೆ ಹಗ್ಗಜಗ್ಗಾಟ ಮಾಡಿದ್ದೇವೆ. ದಯವಿಟ್ಟು ಕೈಬಿಡಬೇಡಿ.

ಎರಡು ವಿನಾಯಿತಿ ಇವೆ. ಮಗು ಹುಟ್ಟಿದರೆ 30 ದಿನದೊಳಗೆ, ಮದುವೆಯಾದರೆ 30 ದಿನದೊಳಗೆ ಬಂದು ಹೆಸರು ಸೇರಿಸಬಹುದು.

ಎಷ್ಟು ಕಟ್ಟಬೇಕು? ಎಷ್ಟು ಸಿಗುತ್ತೆ?

ಸದಸ್ಯ, ಹೆಂಡತಿ ಅಥವಾ ಗಂಡ, 25 ವರ್ಷದೊಳಗಿನ ಮದುವೆಯಾಗದ ಇಬ್ಬರು ಮಕ್ಕಳು ಸೇರಿ ಒಂದು ಕುಟುಂಬ. ತೆರಿಗೆ ಸೇರಿ ವರ್ಷಕ್ಕೆ 4,800 ರೂಪಾಯಿ. ಇದರಲ್ಲಿ 1,200 ಸಂಘದ ಕಲ್ಯಾಣ ನಿಧಿಯಿಂದ ಹೋಗುತ್ತದೆ. ನೀವು ಕಟ್ಟುವುದು 3,600. ಅಪ್ಪ, ಅಮ್ಮ ಬೇಕಾದರೆ ತಲಾ 3,000 ಜಾಸ್ತಿ. ಅವರ ವಯಸ್ಸು 80 ದಾಟಿರಬಾರದು.

ಇಡೀ ಕುಟುಂಬಕ್ಕೆ ಸೇರಿ ವರ್ಷಕ್ಕೆ 2 ಲಕ್ಷ. ತಲೆಗೆ 2 ಲಕ್ಷ ಅಲ್ಲ, ಇದನ್ನು ತುಂಬ ಜನ ತಪ್ಪು ತಿಳಿದಿದ್ದಾರೆ. ಯಜಮಾನರ ಡೆಂಗಿಗೆ 45,000, ಮಗನ ಬೈಕ್ ಅಪಘಾತಕ್ಕೆ 80,000 ಹೋಯಿತು ಅಂತಿಟ್ಟುಕೊಳ್ಳಿ. ಆ ವರ್ಷ ಉಳಿದವರೆಲ್ಲರಿಗೂ ಸೇರಿ 75,000 ಉಳಿಯಿತು.

ನಮ್ಮ ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಅಮ್ಮ. ಕಂತು ಎಷ್ಟಾಗುತ್ತೆ?

ಕುಟುಂಬಕ್ಕೆ 3,600, ಅಮ್ಮನಿಗೆ 3,000, ಒಟ್ಟು 6,600. ಮೂರು ಕಂತಾದರೆ ತಲಾ 2,200. ಪ್ರತಿ ಕಂತಿಗೂ ರಸೀದಿ ಕೇಳಿ ತೆಗೆದುಕೊಳ್ಳಿ. ರಸೀದಿ ಇಲ್ಲದೆ ನಮ್ಮ ಸಿಬ್ಬಂದಿ ಕೈಗೂ ಹಣ ಕೊಡಬೇಡಿ.

ಬಿಪಿಎಲ್ ಕಾರ್ಡ್ ಇದೆ. ಮತ್ತೆ ಇದ್ಯಾಕೆ?

ಒಳ್ಳೆಯ ಪ್ರಶ್ನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅದನ್ನು ಬಿಡಲೇಬೇಡಿ. ಅಲ್ಲಿ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅವರು ಬರೆದುಕೊಟ್ಟ ಮೇಲೆ ಖಾಸಗಿಗೆ. ತುರ್ತು ಇದ್ದಾಗ ಬೇರೆ. ನಮ್ಮ ವಿಮೆಯಲ್ಲಿ ಕಂಪನಿಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರ ಹೋಗಬಹುದು. ನನ್ನ ಸಲಹೆ: ದೊಡ್ಡ ಚಿಕಿತ್ಸೆಗೆ ಸರ್ಕಾರಿ ಕಾರ್ಡ್ ನಡೆಯುತ್ತದಾ ಅಂತ ಮೊದಲು ಕೇಳಿ. ನಡೆದರೆ ಅದನ್ನೇ ಬಳಸಿ. ನಮ್ಮ 2 ಲಕ್ಷ ಹಾಗೇ ಉಳಿಯುತ್ತದೆ. ಎಪಿಎಲ್‌ನವರಿಗೆ ಸರ್ಕಾರಿ ಯೋಜನೆಯಲ್ಲಿ ವೆಚ್ಚದಲ್ಲಿ ನೂರಕ್ಕೆ 30 ಭಾಗ ಮಾತ್ರ ಸಿಗುವುದರಿಂದ ಅವರಿಗೆ ಇದು ಇನ್ನೂ ಬೇಕು.

ಮನೆಯಲ್ಲಿ ಯಾರಿಗಾದರೂ ಇಎಸ್‌ಐ ಇದ್ದು, ಎಲ್ಲರ ಹೆಸರೂ ಅದರಲ್ಲಿದ್ದರೆ ನಮ್ಮ ವಿಮೆಗೆ ಅವಸರ ಪಡಬೇಡಿ. ಸುಮ್ನೆ ಎರಡು ಕಡೆ ದುಡ್ಡು ಹಾಕುವುದು ಬೇಡ.

ಸಕ್ಕರೆ ಕಾಯಿಲೆ ಇದೆ ಅಂತ ಬರೆದರೆ ರದ್ದು ಮಾಡ್ತಾರಾ?

ಮಾಡುವುದಿಲ್ಲ. ಬರೆಯದಿದ್ದರೆ ಮಾತ್ರ ತೊಂದರೆ.

ನಮ್ಮ ಅಣ್ಣ ಕೆಲವು ವರ್ಷದ ಹಿಂದೆ ಬೇರೆ ಕಡೆ ವಿಮೆ ಮಾಡಿಸಿದ್ದರು. ಏಜೆಂಟ್ "ಸಕ್ಕರೆ ವಿಷಯ ಬರೀಬೇಡಿ, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದರು. ಅಣ್ಣ ಬರೆಯಲಿಲ್ಲ. ಎರಡು ವರ್ಷಕ್ಕೆ ಕಾಲಿನ ಗಾಯ ಕೊಳೆಯಿತು, ಆಸ್ಪತ್ರೆ ಸೇರಿದರು. ಡಾಕ್ಟರ್ ಕೇಳಿದಾಗ ಸಹಜವಾಗಿ ನಿಜ ಹೇಳಿದರು. ಫೈಲಿನ ಮೊದಲ ಹಾಳೆಯಲ್ಲಿ ನೀಲಿ ಪೆನ್ನಿನಲ್ಲಿ ಒಂದು ಸಾಲು: ಸಕ್ಕರೆ ಕಾಯಿಲೆ, 6 ವರ್ಷದಿಂದ. ಆ ಒಂದು ಸಾಲಿಗೆ ಕ್ಲೇಮ್ ಪೂರ್ತಿ ಹೋಯಿತು. ಅತ್ತಿಗೆಯ ಬಳೆ ಅಡವಿಟ್ಟು ಬಿಲ್ ಕಟ್ಟಿದೆವು. ಆ ಫೈಲ್ ಇವತ್ತಿಗೂ ನಮ್ಮ ಮನೆಯ ಬೀರುವಿನಲ್ಲಿದೆ.

ನಮ್ಮ ಅರ್ಜಿಯ ಎರಡನೇ ಪುಟದಲ್ಲಿ ಕಾಯಿಲೆಯ ಕಾಲಂ ಇದೆ. ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ಹಳೇ ಆಪರೇಷನ್ ಎಲ್ಲ ಬರೆಯಿರಿ. ಬರೆದದ್ದಕ್ಕೆ ಒಂದು ರೂಪಾಯಿಯೂ ಜಾಸ್ತಿ ಆಗುವುದಿಲ್ಲ. ಮಾತ್ರೆಯ ಚೀಟಿ ತಂದರೆ ನಾವೇ ನೋಡಿ ತುಂಬಿಸುತ್ತೇವೆ.

ಏನಕ್ಕೆ ಸಿಗುತ್ತೆ, ಏನಕ್ಕೆ ಸಿಗಲ್ಲ?

ಆಸ್ಪತ್ರೆಯಲ್ಲಿ 24 ಗಂಟೆ ದಾಖಲಾದರೆ ಸಿಗುತ್ತದೆ. ಡಯಾಲಿಸಿಸ್, ಕಿಮೋ, ಕಣ್ಣಿನ ಪೊರೆ ಆಪರೇಷನ್‌ಗೆ 24 ಗಂಟೆ ಬೇಕಿಲ್ಲ. ಹೊರರೋಗಿ ಚೀಟಿ, ಕನ್ನಡಕ, ಹಲ್ಲು ಕಟ್ಟಿಸುವುದು, ಟಾನಿಕ್ ಇದರಲ್ಲಿ ಬರುವುದಿಲ್ಲ. ಕುಡಿದು ಗಾಡಿ ಓಡಿಸಿ ಆದ ಗಾಯಕ್ಕೂ ಇಲ್ಲ. ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಮೊದಲ 30 ದಿನ ಕಾಯಬೇಕು ಅಂತ ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ನಮ್ಮದರಲ್ಲಿ ಆ ಷರತ್ತು ತೆಗೆಸಿದ್ದೇವೆ.

ರೂಮಿನ ಬಾಡಿಗೆ ಮಿತಿ ಅಂದ್ರೇನು? ಸಭೆಯಲ್ಲಿ ಅರ್ಥ ಆಗಲಿಲ್ಲ.

ಇದು ಎಲ್ಲಕ್ಕಿಂತ ಮುಖ್ಯ. ನಿಧಾನವಾಗಿ ಓದಿ.

ನಮ್ಮ ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 2,000, ಐಸಿಯುಗೆ 4,000. ನೀವು 4,000ದ ರೂಮು ತೆಗೆದುಕೊಂಡರೆ ಮೇಲಿನ 2,000 ಮಾತ್ರ ಕೈಯಿಂದ ಹೋಗುತ್ತದೆ ಅಂದುಕೊಳ್ಳುತ್ತೀರಿ. ಅಷ್ಟೇ ಅಲ್ಲ. ನಿಮ್ಮ ಹಕ್ಕಿನ ರೂಮು ಅರ್ಧ ಬೆಲೆಯದ್ದು, ಆದ್ದರಿಂದ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಖರ್ಚಿನಲ್ಲೂ ಅರ್ಧ ಮಾತ್ರ ಕೊಡುತ್ತಾರೆ. ಔಷಧಿ ಮತ್ತು ಪರೀಕ್ಷೆಗೆ ಈ ಕಡಿತ ಇಲ್ಲ.

ಲೆಕ್ಕ ನೋಡಿ. ಬಸಣ್ಣ ಅಂತ ಒಬ್ಬ ಹಮಾಲರು, ಹೆಸರು ಲೆಕ್ಕಕ್ಕೆ ಮಾತ್ರ. ಹರ್ನಿಯಾ ಆಪರೇಷನ್, 5 ದಿನ, 4,000ದ ರೂಮು.

ರೂಮು 20,000. ಕಂಪನಿ ಕೊಡುವುದು 10,000.
ಡಾಕ್ಟರ್, ಥಿಯೇಟರ್, ನರ್ಸಿಂಗ್ 60,000. ಕಂಪನಿ ಕೊಡುವುದು 30,000.
ಔಷಧಿ, ಪರೀಕ್ಷೆ 20,000. ಕಂಪನಿ ಕೊಡುವುದು 20,000.

ಒಟ್ಟು ಬಿಲ್ 1,00,000. ಕಂಪನಿಯಿಂದ 60,000, ಬಸಣ್ಣನ ಜೇಬಿನಿಂದ 40,000. ಅದೇ 2,000ದ ರೂಮಾಗಿದ್ದು ಉಳಿದ ದರ ಅಷ್ಟೇ ಇದ್ದಿದ್ದರೆ ಬಿಲ್ 90,000 ಆಗುತ್ತಿತ್ತು, 90,000ವೂ ಬರುತ್ತಿತ್ತು. ದಾಖಲಾಗುವಾಗ ಕೌಂಟರಿನಲ್ಲಿ ನೇರವಾಗಿ ಕೇಳಿ: "ದಿನಕ್ಕೆ 2,000ದ ಒಳಗಿನ ರೂಮು ಕೊಡಿ." ವಾರ್ಡ್ ಖಾಲಿ ಇಲ್ಲ ಅಂದರೆ ಅದನ್ನು ಬರೆಸಿಕೊಂಡು ತಕ್ಷಣ ಸಂಘಕ್ಕೆ ಫೋನ್ ಮಾಡಿ.

ಅಮ್ಮನ ಕಣ್ಣಿನ ಪೊರೆಗೆ ಎಷ್ಟು ಬರುತ್ತೆ?

ಒಂದು ಕಣ್ಣಿಗೆ ಮಿತಿ 25,000. ಅಪ್ಪ ಅಮ್ಮಂದಿರ ಚಿಕಿತ್ಸೆಯಲ್ಲಿ ನೂರಕ್ಕೆ 20 ಭಾಗ ನಾವು ಹಾಕಬೇಕು. ಬಿಲ್ 32,000 ಅಂದರೆ ಮೊದಲು 25,000ಕ್ಕೆ ಇಳಿಯುತ್ತದೆ, ಅದರಲ್ಲಿ 5,000 ನಮ್ಮದು. ಬರುವುದು 20,000, ಕೈಯಿಂದ 12,000. ಹೇಳಿಸಿಕೊಳ್ಳಲು ಕಷ್ಟ ಅನ್ನಿಸಬಹುದು, ಆದರೆ ಮೊದಲೇ ಗೊತ್ತಿದ್ದರೆ ದುಡ್ಡು ಹೊಂದಿಸಲು ಸಮಯ ಸಿಗುತ್ತದೆ ಅಲ್ವಾ?

ಆಸ್ಪತ್ರೆಗೆ ಹೋದಾಗ ಏನು ಮಾಡಬೇಕು?

ವಿಮೆಯ ಕಾರ್ಡ್ ಮತ್ತು ಆಧಾರ್ ಒಯ್ಯಿರಿ. ಮುಂಚೆಯೇ ಗೊತ್ತಿರುವ ಆಪರೇಷನ್ ಆದರೆ 48 ಗಂಟೆ ಮೊದಲು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಹೇಳಿ. ತುರ್ತು ಆದರೆ ಮೊದಲು ಜೀವ, ದಾಖಲಾದ 24 ಗಂಟೆಯೊಳಗೆ ಹೇಳಿದರೆ ಸಾಕು. ನಡುರಾತ್ರಿ ಗಾಡಿ ಸಿಗದಿದ್ದರೆ 108ಕ್ಕೆ ಕರೆ ಮಾಡಿ, ಅದಕ್ಕೆ ದುಡ್ಡಿಲ್ಲ.

ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಬಿಲ್ಲನ್ನು ಕಂಪನಿಯೇ ನೇರ ಕಟ್ಟುವುದಕ್ಕೆ ಕ್ಯಾಶ್‌ಲೆಸ್ ಅನ್ನುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ ಕ್ಯಾಶ್‌ಲೆಸ್ ಅನುಮತಿಯನ್ನು ಕಂಪನಿ ಒಂದು ಗಂಟೆಯೊಳಗೆ ತೀರ್ಮಾನಿಸಬೇಕು. ಡಿಸ್ಚಾರ್ಜ್ ದಿನ ಅಂತಿಮ ಅನುಮತಿ ಮೂರು ಗಂಟೆಯೊಳಗೆ ಬರಬೇಕು. ತಡವಾದರೆ ಈ ನಿಯಮ ಇದೆ ಅಂತ ಡೆಸ್ಕಿನಲ್ಲಿ ಹೇಳಿ.

ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹೋದರೆ?

ಬಿಲ್ ನೀವು ಕಟ್ಟಿ, ಆಮೇಲೆ ವಾಪಸ್ ಕೇಳಬೇಕು. ಇಲ್ಲಿ ದಿನಾಂಕಗಳೇ ಎಲ್ಲ. ಒಂದು ಉದಾಹರಣೆ: ಡೆಂಗಿ ಜ್ವರ, 10 ಸೆಪ್ಟೆಂಬರ್‌ಗೆ ದಾಖಲು, 14 ಸೆಪ್ಟೆಂಬರ್‌ಗೆ ಬಿಡುಗಡೆ.

ದಾಖಲಾಗುವ ಮುಂಚಿನ 30 ದಿನದ ಖರ್ಚು ಸೇರುತ್ತದೆ. ಅಂದರೆ 11 ಆಗಸ್ಟ್‌ನಿಂದ ಅದೇ ಜ್ವರಕ್ಕೆ ಮಾಡಿಸಿದ ರಕ್ತ ಪರೀಕ್ಷೆ, ಔಷಧಿ ಚೀಟಿ. ಬಿಡುಗಡೆಯಾದ 30 ದಿನದೊಳಗೆ, ಅಂದರೆ 14 ಅಕ್ಟೋಬರ್ ಒಳಗೆ, ಮೂಲ ಬಿಲ್, ಡಿಸ್ಚಾರ್ಜ್ ಸಮ್ಮರಿ, ವರದಿಗಳು ಸಂಘಕ್ಕೆ ಬರಬೇಕು. ಬಿಡುಗಡೆಯಾದ ಮೇಲಿನ 60 ದಿನ, 13 ನವೆಂಬರ್‌ವರೆಗಿನ ಔಷಧಿಯೂ ಸಿಗುತ್ತದೆ. ಅದರ ಬಿಲ್‌ಗಳನ್ನು 28 ನವೆಂಬರ್ ಒಳಗೆ ಬೇರೆಯಾಗಿ ಕೊಡಿ.

ಮೆಡಿಕಲ್ ಶಾಪಿನ ಬಿಲ್ ಮೇಲೆ ರೋಗಿಯ ಹೆಸರು ಇರಲೇಬೇಕು. ಬಿಳಿ ಚೀಟಿಯ ಮೇಲೆ ಮೊತ್ತ ಬರೆದುಕೊಟ್ಟರೆ ನಡೆಯುವುದಿಲ್ಲ. ಎಲ್ಲವನ್ನೂ ಕೊಡುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಕಂಪನಿ ಕೊಡಲ್ಲ ಅಂದರೆ?

ಕಾರಣವನ್ನು ಬರಹದಲ್ಲಿ ಕೇಳಿ. ಅದನ್ನು ಹಿಡಿದು ಸಂಘಕ್ಕೆ ಬನ್ನಿ, ಕಂಪನಿಯ ದೂರು ವಿಭಾಗಕ್ಕೆ ನಾವೇ ಬರೆಯುತ್ತೇವೆ. ಅಲ್ಲೂ ಆಗದಿದ್ದರೆ ಪ್ರಾಧಿಕಾರದ ಸಹಾಯವಾಣಿ 155255 ಇದೆ. ಕೊನೆಗೆ ಬೆಂಗಳೂರಿನಲ್ಲಿ ವಿಮೆಯ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿ ದೂರು ಕೊಡಲು ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಕಂಪನಿ ಕೊನೆಯದಾಗಿ ಇಲ್ಲ ಅಂದ ಒಂದು ವರ್ಷದೊಳಗೆ ಹೋಗಬೇಕು.

ಅರ್ಜಿಗೆ ಏನೇನು ತರಬೇಕು? ನನಗೆ ಕೆಲಸದ ದಿನ ಬಿಡುವಿಲ್ಲ.

ಎಲ್ಲರ ಆಧಾರ್ ನಕಲು, ಸದಸ್ಯತ್ವದ ಪಾಸ್‌ಬುಕ್, ಒಂದೊಂದು ಫೋಟೊ, ಮಾತ್ರೆ ಚೀಟಿಗಳು. ಆಧಾರ್‌ನಲ್ಲಿರುವ ಹೆಸರೇ ಅರ್ಜಿಯಲ್ಲಿರಲಿ. ಮನೆಯಲ್ಲಿ ಗೌರಮ್ಮ, ಆಧಾರ್‌ನಲ್ಲಿ ಗೌರಿಬಾಯಿ ಅಂತಿದ್ದರೆ ಆಸ್ಪತ್ರೆಯಲ್ಲಿ ಅರ್ಧ ದಿನ ಹೋಗುತ್ತದೆ. ಸಂತೆ, ಮಾರ್ಕೆಟ್ ಅಂತ ಬಿಡುವಾಗದವರಿಗಾಗಿ 28 ಜೂನ್ ಭಾನುವಾರ ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ಕಚೇರಿ ತೆರೆದಿಡುತ್ತೇವೆ. ಭಟ್ಟಿಯವರು ರಾತ್ರಿ ಪಾಳಿ ಮುಗಿಸಿ ನೇರ ಬಂದರೂ ಆಗುತ್ತದೆ, ಟೀ ಇರುತ್ತದೆ.

ಕಾರ್ಯದರ್ಶಿ