1,840 ರೂಪಾಯಿಯ ಖರೀದಿಗೆ 18,400 ರೂಪಾಯಿ: ಕ್ರೆಡಿಟ್ ಕಾರ್ಡ್ ತಕರಾರು ಪತ್ರ

ದಿನಾಂಕ: 25 ಆಗಸ್ಟ್ 2025

ಇಂದ:
ಎಸ್. ವನಜಾ
ಕ್ರೆಡಿಟ್ ಕಾರ್ಡ್, ಕೊನೆಯ ನಾಲ್ಕು ಅಂಕಿ 3068

ಗೆ:
ಮುಖ್ಯಸ್ಥರು,
ಕಾರ್ಡ್ ತಕರಾರು ವಿಭಾಗ

ಮಾನ್ಯರೇ,

ವಿಷಯ: 6 ಆಗಸ್ಟ್ 2025ರ ಖರೀದಿಗೆ 16,560 ರೂ. ಹೆಚ್ಚಾಗಿ ಕಡಿತವಾಗಿರುವ ಬಗ್ಗೆ

ಆಗಸ್ಟ್ 20ರಂದು ಬಂದ ನನ್ನ ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಒಂದು ಸಾಲು ತಪ್ಪಾಗಿದೆ. ನಿಮ್ಮ ಆ್ಯಪ್‌ನಲ್ಲಿ ಆ ಸಾಲಿನ ಸ್ಕ್ರೀನ್‌ಶಾಟ್ ತೆಗೆದು ಇದರ ಜೊತೆ ಕಳಿಸುತ್ತಿದ್ದೇನೆ. ಚಿತ್ರ ಸಣ್ಣದಾಗಿ ಕಂಡರೆ ಕಷ್ಟವಾಗಬಾರದೆಂದು ಇಲ್ಲಿಯೂ ಬರೆದಿದ್ದೇನೆ:

```
06 AUG   08 AUG   ECOM PURCHASE ONLINE STORE   18,400.00 Dr
```

ಖರೀದಿ ನನ್ನದೇ. ಅಂಗಡಿಯೂ ಸರಿ, ತಾರೀಕೂ ಸರಿ. ಮೊತ್ತ ಮಾತ್ರ ಸರಿಯಿಲ್ಲ. ಆ ದಿನ ಸಂಜೆ ನಾನು ಆನ್‌ಲೈನ್‌ನಲ್ಲಿ ಒಂದು ಮೇಜಿನ ದೀಪ ಕೊಂಡೆ. ಅದರ ಬೆಲೆ ಎಲ್ಲ ಸೇರಿ 1,840 ರೂ. ನನ್ನ ಲೆಕ್ಕಕ್ಕೆ ಬಂದದ್ದು ಸರಿಯಾಗಿ ಅದರ ಹತ್ತು ಪಟ್ಟು. ಎಲ್ಲೋ ಒಂದು ಸೊನ್ನೆ ಜಾಸ್ತಿ ಬಿದ್ದಿದೆ.

ಅಂಗಡಿಯವರ ರಸೀದಿಯಲ್ಲಿ 1,840 ಎಂದೇ ಇದೆ. ಆದರೆ ಇದಕ್ಕಿಂತ ಗಟ್ಟಿ ಸಾಕ್ಷಿ ನಿಮ್ಮ ಹತ್ತಿರವೇ ಇದೆ. ಆ ಸಂಜೆ 7:42ಕ್ಕೆ ನೀವು ನನಗೆ ಕಳಿಸಿದ ಎಸ್‌ಎಂಎಸ್‌ನಲ್ಲಿ 1,840.00 ರೂ. ವಹಿವಾಟಿಗೆ ಒಪ್ಪಿಗೆ ಸಿಕ್ಕಿದೆ ಎಂದಿದೆ. ನಾನು ಒಟಿಪಿ ಹಾಕಿದ್ದೂ ಅಷ್ಟೇ ಮೊತ್ತಕ್ಕೆ. ರಸೀದಿಯ ಕೆಳಗೆ ಒಪ್ಪಿಗೆಯ ಕೋಡ್ 508213 ಎಂದು ಅಚ್ಚಾಗಿದೆ. ಆ ಕೋಡ್ ಹಿಡಿದು ಹುಡುಕಿದರೆ ನೀವು ಎಷ್ಟಕ್ಕೆ ಒಪ್ಪಿಗೆ ಕೊಟ್ಟಿರಿ ಎನ್ನುವುದು ನಿಮ್ಮ ದಾಖಲೆಯಲ್ಲೇ ಸಿಗುತ್ತದೆ.

ಸ್ಕ್ರೀನ್‌ಶಾಟಿನಲ್ಲಿ ಎರಡು ತಾರೀಕುಗಳಿವೆ, ಅವನ್ನು ದಯವಿಟ್ಟು ಗಮನಿಸಿ. 6ನೇ ತಾರೀಕು ನಾನು ಕೊಂಡ ದಿನ. ಅಂಗಡಿಯವರ ಬ್ಯಾಂಕಿನಿಂದ ಬಿಲ್ ಬಂದು ನನ್ನ ಲೆಕ್ಕಕ್ಕೆ ಏರಿದ್ದು 8ರಂದು. 6ರಂದು ಮೊತ್ತ ಸರಿಯಾಗಿತ್ತು, 8ರಂದು ತಪ್ಪಾಗಿತ್ತು. ಅಂದರೆ ತಪ್ಪು ನುಸುಳಿದ್ದು ಈ ಎರಡು ದಿನಗಳ ನಡುವೆ, ಒಪ್ಪಿಗೆ ಆದ ಮೇಲೆ, ಹಣ ವಸೂಲಿಗೆ ಬಿಲ್ ಕಳಿಸುವ ಹಂತದಲ್ಲಿ. ಕಳಿಸಿದವರ ಕಡೆ ಆಯಿತೋ, ನಿಮ್ಮ ಕಡೆ ಆಯಿತೋ, ನನಗೆ ಕಾಣುವುದಿಲ್ಲ. ನಿಮಗೆ ಕಾಣುತ್ತದೆ. ಈ ಸಾಲಿಗೆ ಸೇರಿದ 23 ಅಂಕಿಯ ಎಆರ್‌ಎನ್ ಸಂಖ್ಯೆ ಆ್ಯಪ್‌ನಲ್ಲಿ ಪೂರ್ತಿ ಕಾಣಿಸದೆ ಪರದೆಯ ಅಂಚಿಗೆ ಕತ್ತರಿಸಿಹೋಗಿದೆ. ಪೂರ್ತಿ ಸಂಖ್ಯೆ ನಿಮ್ಮಲ್ಲಿದೆ. ಅದನ್ನು ನನಗೂ ತಿಳಿಸಿದರೆ ಅಂಗಡಿಯವರ ಜೊತೆ ಮಾತಾಡುವಾಗ ಅನುಕೂಲ.

ಅಂಗಡಿಯವರನ್ನು ಕೇಳದೆ ನೇರ ನಿಮ್ಮ ಹತ್ತಿರ ಬಂದಿಲ್ಲ. ಆಗಸ್ಟ್ 20ರ ಸಂಜೆಯೇ ಅವರಿಗೆ ಇಮೇಲ್ ಮಾಡಿದೆ. "ನಮ್ಮಲ್ಲಿ 1,840 ಎಂದೇ ತೋರಿಸುತ್ತಿದೆ, ನಿಮ್ಮ ಬ್ಯಾಂಕನ್ನು ಕೇಳಿ" ಎಂದು ಉತ್ತರ ಬಂತು. 22ರಂದು ಮತ್ತೆ ಬರೆದೆ, ಉತ್ತರವಿಲ್ಲ. ಅವರ ಮೊದಲ ಉತ್ತರ ನನಗೆ ಬೇಜಾರು ತಂದರೂ ಒಂದು ಉಪಕಾರ ಮಾಡಿದೆ: ಬೆಲೆ 1,840 ಎಂದು ಅವರೇ ಬರೆದು ಕೊಟ್ಟಂತಾಯಿತು. ಅದನ್ನೂ ಲಗತ್ತಿಸಿದ್ದೇನೆ.

ಆಗಸ್ಟ್ 21ರಂದು ನಿಮ್ಮ ಸಹಾಯವಾಣಿಗೂ ಫೋನ್ ಮಾಡಿದ್ದೆ. ಮಾತಾಡಿದವರು ಸೌಜನ್ಯದಿಂದಲೇ ಮಾತಾಡಿದರು. ಆದರೆ ನನ್ನ ದೂರನ್ನು ಮೋಸದ ವಹಿವಾಟು ಎಂದು ಬರೆದುಕೊಂಡು, ಕಾರ್ಡ್ ಬ್ಲಾಕ್ ಮಾಡಿ ಹೊಸದು ಕೊಡುತ್ತೇವೆ ಎಂದರು. ನಾನು ಬೇಡ ಎಂದೆ. ಈಗಲೂ ಬೇಡ. ಯಾರೂ ನನ್ನ ಕಾರ್ಡ್ ಕದ್ದಿಲ್ಲ, ನಂಬರೂ ಸೋರಿಲ್ಲ. ಮೋಸ ಎಂದು ದಾಖಲಾದರೆ ನಾಳೆ ತನಿಖೆಯಲ್ಲಿ "ಒಟಿಪಿ ಹಾಕಿದ್ದಾರೆ, ಖರೀದಿ ಅವರದೇ" ಎಂದು ಕಂಡು ದೂರು ಅಲ್ಲಿಗೇ ಮುಚ್ಚಿಹೋಗುತ್ತದೆ, ಅಲ್ವಾ? ಅದೇ ನನ್ನ ಭಯ. ಹಾಗಾಗಿ ಇದನ್ನು ದಯವಿಟ್ಟು ತಪ್ಪು ಮೊತ್ತದ ತಕರಾರು ಎಂದೇ ದಾಖಲಿಸಿ, ಆ ಕಾರಣದ ಮೇಲೆಯೇ ಅಂಗಡಿಯವರ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಕಳಿಸಿ. ಚಾರ್ಜ್‌ಬ್ಯಾಕಿಗೆ ಗಡುವು ಇರುತ್ತದೆ, ನಾವು ಪತ್ರ ಬರೆದುಕೊಳ್ಳುತ್ತಿರುವಾಗಲೂ ಅದು ಓಡುತ್ತಿರುತ್ತದೆ.

ತಕರಾರು ಪೂರ್ತಿ 18,400ಕ್ಕೆ ಅಲ್ಲ. ದೀಪ ನನ್ನ ಮೇಜಿನ ಮೇಲಿದೆ, ಚೆನ್ನಾಗಿ ಉರಿಯುತ್ತಿದೆ, ಅದರ 1,840 ಕೊಡಲೇಬೇಕು. ನಾನು ಒಪ್ಪದಿರುವುದು ಉಳಿದ 16,560 ರೂಪಾಯಿಯನ್ನು ಮಾತ್ರ.

ಈ ತಿಂಗಳ ಬಿಲ್ ಒಟ್ಟು 21,275 ರೂ., ಕೊನೆಯ ದಿನ ಸೆಪ್ಟೆಂಬರ್ 8. ಅದರಲ್ಲಿ 16,560 ಕಳೆದು ಉಳಿಯುವ 4,715 ರೂಪಾಯಿಯನ್ನು ಸೆಪ್ಟೆಂಬರ್ 3ರೊಳಗೆ ಕಟ್ಟುತ್ತೇನೆ. ಪೂರ್ತಿ ಬಿಲ್ ತಾನಾಗಿ ಕಟ್ಟಿಹೋಗುವಂತೆ ಇಟ್ಟಿದ್ದ ಆಟೊ ಪೇಯನ್ನು ಈಗ ನಿಲ್ಲಿಸಿದ್ದೇನೆ. ತಕರಾರು ಮುಗಿಯುವ ತನಕ ಆ 16,560 ರೂಪಾಯಿಯನ್ನು ಬಾಕಿಯ ಲೆಕ್ಕದಿಂದ ಹೊರಗಿಡಿ. ಅದರ ಮೇಲೆ ಬಡ್ಡಿ, ತಡ ಶುಲ್ಕ, ಅದರ ಮೇಲಿನ ತೆರಿಗೆ ಯಾವುದೂ ಬೀಳಬಾರದು. ಕಾರ್ಡಿನಲ್ಲಿ ಬಾಕಿ ಉಳಿದರೆ ಹೊಸ ಖರೀದಿಗಳಿಗೂ ಮೊದಲ ದಿನದಿಂದಲೇ ಬಡ್ಡಿ ಶುರುವಾಗುತ್ತದೆ ಎಂದು ನಿಮ್ಮ ನಿಯಮಗಳಲ್ಲಿದೆ. ನಾನು ಮಾಡದ ಬಾಕಿಗೆ ಅದು ಅನ್ವಯ ಆಗದಂತೆ ನೋಡಿಕೊಳ್ಳಿ. ನಾನು ಬಿಲ್ ಕಟ್ಟಿಲ್ಲ ಎಂದು ಸಾಲದ ಮಾಹಿತಿ ಸಂಸ್ಥೆಗಳಿಗೆ ವರದಿಯೂ ಹೋಗಬಾರದು.

ಇನ್ನೊಂದು ಸಣ್ಣ ಮಾತು. ಸ್ಕ್ರೀನ್‌ಶಾಟಿನಲ್ಲಿ ಆ ಸಾಲಿನ ಕೆಳಗೆ, ಈ ಮೊತ್ತವನ್ನು ಇಎಂಐಗೆ ಬದಲಿಸಿಕೊಳ್ಳಿ ಎಂಬ ಬಟನ್ ಹೊಳೆಯುತ್ತಿದೆ. ಸಹಾಯವಾಣಿಯವರೂ ಅದನ್ನೇ ಸೂಚಿಸಿದರು. ತಪ್ಪು ಬಿಲ್ಲನ್ನು ಕಂತಿನಲ್ಲಿ ಕಟ್ಟಿದರೆ ಅದು ಸರಿ ಆಗುವುದಿಲ್ಲ, ಒಪ್ಪಿಕೊಂಡ ಹಾಗಾಗುತ್ತದೆ. ಆ ಬಟನ್ ನಾನು ಒತ್ತಿಲ್ಲ. ಯಾರಾದರೂ ನನ್ನ ಪರವಾಗಿ ಒತ್ತುವುದೂ ಬೇಡ. ಹಾಗೆಯೇ 18,400ಕ್ಕೆ ಬಂದ ರಿವಾರ್ಡ್ ಪಾಯಿಂಟ್‌ಗಳಲ್ಲಿ ಹೆಚ್ಚಿನವನ್ನು ವಾಪಸ್ ತೆಗೆದುಕೊಳ್ಳಿ, ಅವು ನನ್ನವಲ್ಲ. ಅಂಗಡಿಯವರು ಮಧ್ಯದಲ್ಲಿ ತಾವೇ ಹಣ ಹಿಂತಿರುಗಿಸಿದರೆ ಕೂಡಲೇ ನಿಮಗೆ ತಿಳಿಸುತ್ತೇನೆ. ಎರಡು ಕಡೆಯಿಂದ ಒಂದೇ ಹಣ ನನಗೆ ಬೇಡ.

ನಿಮ್ಮ ಸಿಬ್ಬಂದಿ ಪೂರ್ತಿ ಸ್ಟೇಟ್‌ಮೆಂಟ್ ಕಳಿಸಲು ಹೇಳಿದ್ದರು. ಅದು ನೀವೇ ತಯಾರಿಸಿದ್ದು, ಸುಮ್ನೆ ನಿಮಗೇ ವಾಪಸ್ ಕಳಿಸುವುದರಲ್ಲಿ ಅರ್ಥ ಕಾಣಲಿಲ್ಲ. ನನ್ನ ಉಳಿದ ಖರೀದಿಗಳಿಗೂ ಈ ದೂರಿಗೂ ಸಂಬಂಧವಿಲ್ಲ. ಅದಕ್ಕೇ ಒಂದು ಸಾಲಿನಷ್ಟೇ ಚಿತ್ರ ಇಟ್ಟಿದ್ದೇನೆ, ಕಾರ್ಡಿನ ಪೂರ್ತಿ ನಂಬರನ್ನೂ ಎಲ್ಲೂ ಬರೆದಿಲ್ಲ. ಇದು ಸಾಲದು ಎನಿಸಿದರೆ ಇನ್ನೇನು ಬೇಕು, ಯಾಕೆ ಬೇಕು ಎಂದು ಬರಹದಲ್ಲಿ ಕೇಳಿ, ಕಳಿಸುತ್ತೇನೆ.

ಈ ಪತ್ರ ತಲುಪಿದ್ದಕ್ಕೆ ದೂರಿನ ಸಂಖ್ಯೆಯನ್ನೂ, ಉತ್ತರ ಕೊಡುವ ದಿನವನ್ನೂ ನಿಮ್ಮಲ್ಲಿ ದಾಖಲಾಗಿರುವ ನನ್ನ ಇಮೇಲ್‌ಗೆ ತಿಳಿಸಿ. ಫೋನಿನಲ್ಲಿ ಹೇಳಿದರೆ ನನ್ನ ಹತ್ತಿರ ದಾಖಲೆ ಉಳಿಯುವುದಿಲ್ಲ. ದೂರನ್ನು ತಳ್ಳಿಹಾಕುವುದಾದರೆ ಕಾರಣದ ಜೊತೆಗೆ, ಅಂಗಡಿಯವರ ಬ್ಯಾಂಕ್ 18,400ಕ್ಕೆ ಕೊಟ್ಟ ದಾಖಲೆಯ ಪ್ರತಿಯನ್ನೂ ಕಳಿಸಿ. ಆ ಮೊತ್ತಕ್ಕೆ ನನ್ನ ಒಪ್ಪಿಗೆ ಎಲ್ಲಿದೆ ಎಂದು ನಾನೂ ನೋಡಬೇಕು.

ಇಂತಿ ತಮ್ಮ ವಿಶ್ವಾಸಿ,
ಎಸ್. ವನಜಾ

ಲಗತ್ತುಗಳು: ಸ್ಟೇಟ್‌ಮೆಂಟ್ ಸಾಲಿನ ಸ್ಕ್ರೀನ್‌ಶಾಟ್, ಆಗಸ್ಟ್ 6ರ ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್, 1,840 ರೂಪಾಯಿಯ ರಸೀದಿ, ಅಂಗಡಿಯವರ ಇಮೇಲ್ ಉತ್ತರ